ಎರಡು ಚಾನೆಲ್, ಒಂದು ನಮೂದಿತ ವೇಗ: ರ‍್ಯಾಮ್ ಜೋಡಣೆಯ ಸಾಕ್ಷ್ಯಗಳ ಪರಿಶೀಲನೆ

1. ವ್ಯಾಪ್ತಿ

ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಎರಡು ರ‍್ಯಾಮ್ ಸ್ಟಿಕ್‌ಗಳಿವೆ ಎಂದಮಾತ್ರಕ್ಕೆ ಅವು ಎರಡು ಚಾನೆಲ್‌ಗಳಲ್ಲಿ ಕೆಲಸ ಮಾಡುತ್ತಿವೆ ಎನ್ನಲಾಗದು. ಪೆಟ್ಟಿಗೆಯ ಮೇಲೆ 3200 ಎಂದು ಅಚ್ಚಾಗಿದ್ದರೆ ಯಂತ್ರ ಆ ದರದಲ್ಲೇ ನಡೆಯುತ್ತಿದೆ ಎಂದೂ ಅಲ್ಲ. ಇವೆರಡೂ ಬೇರೆ ಬೇರೆ ಸಂಗತಿಗಳು. ಮೊದಲನೆಯದನ್ನು ಸ್ಲಾಟ್ ನಿರ್ಧರಿಸುತ್ತದೆ, ಎರಡನೆಯದನ್ನು ಬಯಾಸ್‌ನಲ್ಲಿ ಆರಿಸಿದ ಪ್ರೊಫೈಲ್. ಆದರೆ ಇವು ಒಂದು ಕಡೆ ಪರಸ್ಪರ ತಾಗುತ್ತವೆ. ಅದನ್ನು 3ನೆಯ ಭಾಗದಲ್ಲಿ ನೋಡಬಹುದು. ಉದಾಹರಣೆಗಾಗಿ ಇಟ್ಟುಕೊಂಡಿರುವ ಯಂತ್ರದಲ್ಲಿರುವುದು ರೈಜನ್ 5 5600ಜಿ ಪ್ರೊಸೆಸರ್, ನಾಲ್ಕು ಸ್ಲಾಟ್‌ಗಳ ಎಎಂ4 ಮದರ್‌ಬೋರ್ಡ್ ಮತ್ತು ತಲಾ 8 ಗಿಗಾಬೈಟಿನ ಎರಡು ಡಿಡಿಆರ್4-3200 ಸ್ಟಿಕ್‌ಗಳು. ಸ್ಟಿಕ್ಕಿನ ಲೇಬಲ್‌ನಲ್ಲಿ 16-18-18-38 ಮತ್ತು 1.35 ವೋಲ್ಟ್ ಎಂದಿದೆ. ಈ ಪ್ರೊಸೆಸರಿನ ಗ್ರಾಫಿಕ್ಸ್ ಭಾಗಕ್ಕೆ ಸ್ವಂತ ಮೆಮೊರಿ ಇಲ್ಲ, ಮುಖ್ಯ ರ‍್ಯಾಮನ್ನೇ ಅದು ಹಂಚಿಕೊಳ್ಳುತ್ತದೆ. ಹಾಗಾಗಿ ಜೋಡಣೆಯ ದೋಷ ಇಂಥ ಯಂತ್ರದಲ್ಲಿ ಬೇಗ ಅನುಭವಕ್ಕೆ ಬರುತ್ತದೆ.

2. ಯಂತ್ರ ಹೇಳುವುದು

ಲಿನಕ್ಸ್‌ನಲ್ಲಿ ಈ ಆದೇಶ ಸಾಕು:

```
sudo dmidecode -t memory
```

ಎರಡೂ ಸ್ಟಿಕ್‌ಗಳನ್ನು ಪ್ರೊಸೆಸರಿಗೆ ಹತ್ತಿರದ ಒಂದನೆಯ ಮತ್ತು ಎರಡನೆಯ ಸ್ಲಾಟ್‌ಗಳಿಗೆ ಹಾಕಿ, ಬಯಾಸ್ ಮುಟ್ಟದೆ ಬಿಟ್ಟರೆ ಉತ್ತರದ ಮುಖ್ಯ ಸಾಲುಗಳು ಹೀಗಿರುತ್ತವೆ:

```
Locator: DIMM 0
Bank Locator: P0 CHANNEL A
Speed: 2133 MT/s
Configured Memory Speed: 2133 MT/s

Locator: DIMM 1
Bank Locator: P0 CHANNEL A
Speed: 2133 MT/s
Configured Memory Speed: 2133 MT/s
```

ಎರಡರಲ್ಲೂ `CHANNEL A` ಎಂದಿರುವುದೇ ಇಲ್ಲಿಯ ನಿರ್ಣಾಯಕ ಅಂಶ. ಯಂತ್ರ ಒಟ್ಟು 16 ಗಿಗಾಬೈಟನ್ನು ಸರಿಯಾಗಿಯೇ ತೋರಿಸುತ್ತದೆ, ದೋಷದ ಸಂದೇಶ ಯಾವುದೂ ಬರುವುದಿಲ್ಲ. ಆದರೆ `B` ಚಾನೆಲ್ ಬರಿದಾಗಿದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಇಂಥ ಸ್ಥಿತಿಯಲ್ಲಿ ನಾಲ್ಕರಲ್ಲಿ ಎರಡು ಸ್ಲಾಟ್ ಬಳಕೆಯಲ್ಲಿವೆ ಎನ್ನುತ್ತದೆಯೇ ಹೊರತು ಅವು ಯಾವ ಚಾನೆಲ್‌ಗೆ ಸೇರಿದವು ಎಂದು ಹೇಳುವುದಿಲ್ಲ. ಚಾನೆಲ್ ವಿಷಯದಲ್ಲಿ ಅದನ್ನು ಸಾಕ್ಷಿಯಾಗಿ ಬಳಸುವಂತಿಲ್ಲ.

ಇದರ ಬೆಲೆಯನ್ನು ಲೆಕ್ಕ ಹಾಕಬಹುದು. ಡಿಡಿಆರ್4 ಚಾನೆಲ್‌ನ ಅಗಲ 64 ಬಿಟ್, ಅಂದರೆ ಪ್ರತಿ ವರ್ಗಾವಣೆಗೆ 8 ಬೈಟ್. 2133ರ ದರದಲ್ಲಿ ಒಂದು ಚಾನೆಲ್‌ನ ಸೈದ್ಧಾಂತಿಕ ಗರಿಷ್ಠ ಸೆಕೆಂಡಿಗೆ 17.07 ಗಿಗಾಬೈಟ್. ಸ್ಲಾಟ್ ಸರಿಪಡಿಸಿದರೆ ಅದು 34.13 ಆಗುತ್ತದೆ, ಪ್ರೊಫೈಲನ್ನೂ ಜಾರಿಗೊಳಿಸಿದರೆ 51.2. ಸ್ಲಾಟ್‌ನಿಂದ ಎರಡು ಪಟ್ಟು, ಪ್ರೊಫೈಲ್‌ನಿಂದ ಒಂದೂವರೆ ಪಟ್ಟು, ಒಟ್ಟಿಗೆ ಮೂರು ಪಟ್ಟು. ಇವು ಮೇಲ್ಮಿತಿಗಳು ಮಾತ್ರ. ಸಾಮಾನ್ಯ ಕಚೇರಿ ಕೆಲಸದ ವೇಗ ಮೂರು ಪಟ್ಟು ಹೆಚ್ಚುತ್ತದೆಂದು ಇದರಿಂದ ಊಹಿಸಲಾಗದು.

3. ಸ್ಲಾಟ್ ಕ್ರಮ

ನಾಲ್ಕು ಸ್ಲಾಟ್‌ಗಳ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಕ್ರಮ `A1`, `A2`, `B1`, `B2`. ಎರಡು ಸ್ಟಿಕ್‌ಗಳಿದ್ದಾಗ ಕೈಪಿಡಿಗಳು ಸಾಮಾನ್ಯವಾಗಿ ಸೂಚಿಸುವುದು `A2` ಮತ್ತು `B2`, ಅಂದರೆ ಎರಡನೆಯದು ಮತ್ತು ನಾಲ್ಕನೆಯದು. `A1` ಮತ್ತು `B1` ಹಾಕಿದರೂ ಎರಡು ಚಾನೆಲ್‌ಗಳು ಸಿಗುತ್ತವೆ ತಾನೆ ಎಂಬ ಪ್ರಶ್ನೆ ಸಹಜ. ಬಹುತೇಕ ಬೋರ್ಡ್‌ಗಳಲ್ಲಿ ಸಿಗುತ್ತವೆ. ಆದರೂ ಕೈಪಿಡಿ ಬೇರೆ ಹೇಳುವುದಕ್ಕೆ ಕಾರಣ ವಿದ್ಯುತ್ ಸಂಬಂಧಿಯಾದದ್ದು.

ಇಂಥ ಬೋರ್ಡ್‌ಗಳಲ್ಲಿ ಪ್ರೊಸೆಸರಿನಿಂದ ಹೊರಟ ತಂತುಗಳು ಮೊದಲು `A1` ಮುಟ್ಟಿ ಅಲ್ಲಿಂದ `A2`ಗೆ ಮುಂದುವರಿಯುತ್ತವೆ. ಸ್ಟಿಕ್ `A2`ನಲ್ಲಿದ್ದರೆ ಸಂಕೇತದ ದಾರಿ ಸ್ಟಿಕ್ಕಿನಲ್ಲೇ ಕೊನೆಗೊಳ್ಳುತ್ತದೆ. ಸ್ಟಿಕ್ `A1`ನಲ್ಲಿದ್ದರೆ ಅದರಾಚೆ ಒಂದು ತುಂಡು ತಂತು ಮತ್ತು ಖಾಲಿ ಸ್ಲಾಟ್ ತೆರೆದ ಕೊನೆಯಾಗಿ ಉಳಿದು, ಅಲ್ಲಿಂದ ಸಂಕೇತ ಪ್ರತಿಫಲನಗೊಂಡು ಹಿಂದಿರುಗುತ್ತದೆ. 2133ರ ದರದಲ್ಲಿ ಇದು ಸಾಮಾನ್ಯವಾಗಿ ಬಾಧಿಸುವುದಿಲ್ಲ; ದರ ಏರಿದಂತೆ ಪ್ರತಿಫಲನಕ್ಕೆ ಇರುವ ಸಹನೆಯ ಅವಕಾಶ ಕಿರಿದಾಗುತ್ತದೆ. ಹೀಗಾಗಿ `A1`-`B1` ಜೋಡಣೆ ಪ್ರೊಫೈಲ್ ಇಲ್ಲದಾಗ ನಿರ್ದೋಷವಾಗಿ ಕಂಡು, ಪ್ರೊಫೈಲ್ ಹಾಕಿದೊಡನೆ ಕೈಕೊಡಬಹುದು. ಆಗ ತಪ್ಪನ್ನು ಸ್ಟಿಕ್ಕಿನ ಮೇಲೆ ಹೊರಿಸುವುದು ರೂಢಿ. ಸ್ಟಿಕ್ ಬದಲಿಸುವ ಮೊದಲು ಸ್ಲಾಟ್ ನೋಡುವುದು ಹೆಚ್ಚು ಸಮಂಜಸ.

ಮೂರು ಅಪವಾದಗಳನ್ನು ಗಮನಿಸಬೇಕು. ಎರಡೇ ಸ್ಲಾಟ್‌ಗಳ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಸ್ಲಾಟ್‌ಗೂ ಒಂದೊಂದು ಚಾನೆಲ್ ಇರುವುದರಿಂದ ಈ ಚರ್ಚೆಯೇ ಅನ್ವಯಿಸದು. ಕೆಲವು ಬೋರ್ಡ್‌ಗಳಲ್ಲಿ ಎರಡೂ ಸ್ಲಾಟ್‌ಗಳಿಗೆ ಸಮಾನ ಉದ್ದದ ಕವಲು ದಾರಿ ಇರುತ್ತದೆ. ಅಲ್ಲಿ ನಾಲ್ಕು ಸ್ಟಿಕ್‌ಗಳ ಜೋಡಣೆಗೆ ಅನುಕೂಲ ಹೆಚ್ಚು. ಇನ್ನು ಸ್ಲಾಟ್‌ಗಳ ಬಣ್ಣ: ಒಂದು ಬಣ್ಣವೆಂದರೆ ಒಂದು ಚಾನೆಲ್ ಎಂದು ಕೆಲವು ತಯಾರಕರು, ಒಂದು ಬಣ್ಣವೆಂದರೆ ಒಟ್ಟಿಗೆ ತುಂಬಬೇಕಾದ ಜೋಡಿ ಎಂದು ಮತ್ತೆ ಕೆಲವರು ಬಳಸಿದ್ದಾರೆ. ಬಣ್ಣಕ್ಕಿಂತ ಬೋರ್ಡ್ ಮೇಲೆ ಅಚ್ಚಾದ ಅಕ್ಷರಕ್ಕೆ, ಅಕ್ಷರಕ್ಕಿಂತ ಆ ಮಾದರಿಯ ಕೈಪಿಡಿಯ ಪಟ್ಟಿಗೆ ಹೆಚ್ಚು ತೂಕ ಕೊಡಬೇಕು.

4. ‘3200’ ಎಂಬ ನಮೂದು

ಒಂದೇ ಅಂಕಿಯನ್ನು ಹೊತ್ತ ಎರಡು ಬಗೆಯ ಸ್ಟಿಕ್‌ಗಳು ಮಾರುಕಟ್ಟೆಯಲ್ಲಿವೆ. ಮೊದಲ ಬಗೆ ಜೆಡೆಕ್ ಮಾನಕದ 3200: ವಿಳಂಬ 22 ಆವರ್ತ, 1.2 ವೋಲ್ಟ್. ಬೋರ್ಡ್ ಮತ್ತು ಪ್ರೊಸೆಸರ್ ಒಪ್ಪಿದರೆ ಇದು ತಾನಾಗಿಯೇ 3200ರಲ್ಲಿ ನಡೆಯುತ್ತದೆ, ಪ್ರೊಫೈಲ್ ಬೇಕಿಲ್ಲ. ಎರಡನೆಯ ಬಗೆ ನಮ್ಮ ಉದಾಹರಣೆಯದು: ವಿಳಂಬ 16 ಆವರ್ತ, 1.35 ವೋಲ್ಟ್. ಇದರಲ್ಲಿ ಮಾನಕದ ಪಟ್ಟಿ 2133ಕ್ಕೆ (ಕೆಲವು ಸ್ಟಿಕ್‌ಗಳಲ್ಲಿ 2400 ಅಥವಾ 2666ಕ್ಕೆ) ನಿಲ್ಲುತ್ತದೆ. 3200 ಎಂಬುದು ಅದೇ ಸ್ಟಿಕ್ಕಿನ ಎಸ್‌ಪಿಡಿ ಚಿಪ್‌ನೊಳಗೆ ಪ್ರತ್ಯೇಕವಾಗಿ ಬರೆದಿಟ್ಟ ಎಕ್ಸ್‌ಎಂಪಿ ಪ್ರೊಫೈಲ್‌ನಲ್ಲಿ ಮಾತ್ರ ಇರುತ್ತದೆ. ಡಿಡಿಆರ್4 ಸ್ಟಿಕ್ಕಿನಲ್ಲಿ ಆ ಚಿಪ್‌ನ ಗಾತ್ರ 512 ಬೈಟ್, ಎಕ್ಸ್‌ಎಂಪಿ 2.0 ಕೂರುವುದು 384ರಿಂದ 511ರವರೆಗಿನ ಬೈಟ್‌ಗಳಲ್ಲಿ. ಬಯಾಸ್‌ನಲ್ಲಿ ಆರಿಸದ ಹೊರತು ಆ ಭಾಗವನ್ನು ಬೋರ್ಡ್ ಅನ್ವಯಿಸುವುದಿಲ್ಲ.

ಆವರ್ತಗಳ ಸಂಖ್ಯೆಯನ್ನು ಕಾಲಕ್ಕೆ ತಿರುಗಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 2133ರಲ್ಲಿ 15 ಆವರ್ತವೆಂದರೆ ಸುಮಾರು 14.06 ನ್ಯಾನೊಸೆಕೆಂಡ್, ಮಾನಕದ 3200ರಲ್ಲಿ 22 ಆವರ್ತವೆಂದರೆ 13.75, ಪ್ರೊಫೈಲ್‌ನ 3200ರಲ್ಲಿ 16 ಆವರ್ತವೆಂದರೆ 10. ಮಾನಕದ ಎರಡು ಹಂತಗಳ ನಡುವೆ ವಿಳಂಬ ಬಹುತೇಕ ಬದಲಾಗಿಲ್ಲ ಎಂಬುದು ಗಮನಾರ್ಹ.

5. ಜಾರಿ ಮತ್ತು ಅದರ ಮಿತಿ

ಬಯಾಸ್‌ನಲ್ಲಿ ಈ ಆಯ್ಕೆಯ ಹೆಸರು ಏಕರೂಪವಾಗಿಲ್ಲ. `XMP` ಎಂಬುದು ಇಂಟೆಲ್‌ನ ಹೆಸರು. ಎಎಂಡಿ ಬೋರ್ಡ್‌ಗಳಲ್ಲಿ `DOCP` ಅಥವಾ `A-XMP` ಎಂದಿರಬಹುದು. ಡಿಡಿಆರ್5 ಬಂದ ಮೇಲೆ ಎಎಂಡಿ 2022ರಲ್ಲಿ `EXPO` ಎಂಬ ತನ್ನದೇ ಪ್ರೊಫೈಲ್ ತಂದಿತು. ಆಯ್ಕೆ ಮಾಡಿ ಉಳಿಸಿದ ಮೇಲೆ ಬೋರ್ಡ್ ಒಂದೆರಡು ಸಲ ತಾನಾಗಿ ಮರುಆರಂಭವಾಗುವುದುಂಟು. ಹೊಸ ದರಕ್ಕೆ ಸಂಕೇತಗಳನ್ನು ಹೊಂದಿಸಿಕೊಳ್ಳುವ ಹಂತ ಅದು. ಆಗ ವಿದ್ಯುತ್ ಕಡಿತಗೊಳಿಸಬಾರದು. ಹೊಂದಾಣಿಕೆ ವಿಫಲವಾದರೆ ಹಲವು ಬೋರ್ಡ್‌ಗಳು ಹಳೆಯ ದರಕ್ಕೆ ಮರಳುತ್ತವೆ, ಕೆಲವೊಮ್ಮೆ ಯಾವ ಸೂಚನೆಯನ್ನೂ ಕೊಡದೆ. ಆದ್ದರಿಂದ ಆಯ್ಕೆ ಮಾಡಿದ್ದು ಜಾರಿಯಾಗಿದ್ದಕ್ಕೆ ಪುರಾವೆಯಲ್ಲ. `Configured Memory Speed` ಸಾಲನ್ನು ಮತ್ತೆ ಓದಬೇಕು. ಬಯಾಸ್ ಅಪ್‌ಡೇಟ್ ಆದ ನಂತರ ಈ ಆಯ್ಕೆ ಅಳಿಸಿಹೋಗುವುದು ಸಾಮಾನ್ಯವಾದ್ದರಿಂದ ಆಗಲೂ ಅದನ್ನು ಓದಬೇಕಾಗುತ್ತದೆ.

ತಡೆ ಪ್ರೊಸೆಸರ್ ಮತ್ತು ಚಿಪ್‌ಸೆಟ್ ಕಡೆಯಿಂದಲೂ ಬರಬಹುದು. ಇಂಟೆಲ್‌ನ ಬಿ460 ಚಿಪ್‌ಸೆಟ್ ಮೇಲೆ ಐ5-10400 ಕೂರಿಸಿದರೆ 3200ರ ಪ್ರೊಫೈಲ್ ಆರಿಸಿದರೂ ದರ 2666ಕ್ಕೆ ನಿಲ್ಲುತ್ತದೆ. 2021ರ ಬಿ560 ಈ ಕಟ್ಟುಪಾಡನ್ನು ಸಡಿಲಿಸಿತು. ಸ್ಟಿಕ್‌ಗಳ ಸಂಖ್ಯೆಯೂ ಮುಖ್ಯ. ರೈಜನ್ 3000 ಸರಣಿಗೆ ಎಎಂಡಿ ನೀಡಿದ ಅಧಿಕೃತ ಮಿತಿ ಎರಡು ಸ್ಟಿಕ್‌ಗಳಿಗೆ 3200. ನಾಲ್ಕು ಸ್ಟಿಕ್‌ಗಳಾದರೆ ಅದು ಏಕ-ರ‍್ಯಾಂಕ್‌ಗೆ 2933, ದ್ವಿ-ರ‍್ಯಾಂಕ್‌ಗೆ 2667. ರೈಜನ್ 7000ದಲ್ಲಿ ಇಳಿತ ಇನ್ನೂ ಕಡಿದಾದದ್ದು: ಎರಡು ಸ್ಟಿಕ್‌ಗಳಿಗೆ 5200, ನಾಲ್ಕಕ್ಕೆ 3600. ಇದಕ್ಕಿಂತ ಹೆಚ್ಚಿನ ದರದಲ್ಲಿ ಯಂತ್ರ ನಡೆಯಬಾರದೆಂದಿಲ್ಲ. ತಯಾರಕರ ಆಶ್ವಾಸನೆ ಅಲ್ಲಿಗೆ ಮುಗಿಯುತ್ತದೆ, ಅಷ್ಟೆ. ಹಾಗಾಗಿ ಪ್ರೊಫೈಲ್ ಜಾರಿಯಾದ ಮೇಲೆ ಮೆಮ್‌ಟೆಸ್ಟ್86 ಓಡಿಸಿ ನೋಡುವುದು ಅಗತ್ಯ. ಒಂದೇ ಒಂದು ದೋಷ ಬಂದರೂ ಆ ದರ ಸ್ವೀಕಾರಾರ್ಹವಲ್ಲ.

6. ಆಕರಗಳ ನಡುವಿನ ಅಸಂಗತಿಗಳು

`dmidecode` ತೋರಿಸುವುದು ಬಯಾಸ್ ಬರೆದಿಟ್ಟ ಪಟ್ಟಿಯನ್ನು, ಅಳತೆಯನ್ನಲ್ಲ. `Speed` ಎಂಬ ಸಾಲು ಸ್ಟಿಕ್ಕಿನ ಗರಿಷ್ಠ ಸಾಮರ್ಥ್ಯವನ್ನು ಹೇಳಬೇಕು. ಆದರೆ 2ನೆಯ ಭಾಗದಲ್ಲಿ ಕಂಡಂತೆ, ಪ್ರೊಫೈಲ್ ಇಲ್ಲದಾಗ 3200ರ ಸ್ಟಿಕ್ಕಿಗೂ ಅಲ್ಲಿ 2133 ಎಂದೇ ಬರಬಹುದು. `Configured Voltage` ಸಾಲು ಇನ್ನಷ್ಟು ಸಂದೇಹಾಸ್ಪದ: ಹಲವು ಬೋರ್ಡ್‌ಗಳು ಪ್ರೊಫೈಲ್ ನಡೆಯುತ್ತಿರುವಾಗಲೂ 1.2 ಎಂದೇ ಬರೆಯುತ್ತವೆ.

ಸಿಪಿಯು-ಜೆಡ್ ತಂತ್ರಾಂಶ 3200ರ ಸ್ಟಿಕ್ಕಿಗೆ 1600 ಮೆಗಾಹರ್ಟ್ಸ್ ಎಂದು ತೋರಿಸುವುದು ದೋಷವಲ್ಲ. ಅದು ತೋರಿಸುವುದು ಗಡಿಯಾರದ ಆವರ್ತನ. ಪ್ರತಿ ಆವರ್ತಕ್ಕೆ ಎರಡು ವರ್ಗಾವಣೆಗಳಿರುವುದರಿಂದ ದರ ಅದರ ಇಮ್ಮಡಿ. 2666 ಮತ್ತು 2667 ಎಂಬ ಎರಡು ಬರಹಗಳೂ ಒಂದೇ ದರವನ್ನು ಸೂಚಿಸುತ್ತವೆ. ನಿಜವಾದ ಬೆಲೆ 2666.67, ಇಂಟೆಲ್ ಅದನ್ನು ಕೆಳಕ್ಕೆ, ಎಎಂಡಿ ಮೇಲಕ್ಕೆ ದುಂಡಾಗಿಸಿವೆ.

ಚಾನೆಲ್ ಬಗ್ಗೆ ಪಟ್ಟಿಯನ್ನು ಅವಲಂಬಿಸದ ಪುರಾವೆ ಬೇಕೆಂದರೆ ಮೇಲ್ಮಿತಿಯ ತರ್ಕವನ್ನು ಬಳಸಬಹುದು. 3200ರಲ್ಲಿ ಒಂದು ಚಾನೆಲ್ 25.6 ಗಿಗಾಬೈಟ್ ಮೀರಲಾರದು. ಓದುವ ವೇಗದ ಅಳತೆಯಲ್ಲಿ 40ರ ಆಸುಪಾಸಿನ ಅಂಕಿ ಬಂದರೆ ಎರಡು ಚಾನೆಲ್‌ಗಳು ದುಡಿಯುತ್ತಿವೆ ಎಂದೇ ಅರ್ಥ. ಆದರೆ ಪರೀಕ್ಷೆಯ ದತ್ತಾಂಶ ಪ್ರೊಸೆಸರಿನ ಕ್ಯಾಶ್‌ಗಿಂತ ಬಹಳ ದೊಡ್ಡದಿರಬೇಕು. 5600ಜಿಯಲ್ಲಿ ಮೂರನೆಯ ಹಂತದ ಕ್ಯಾಶ್ 16 ಮೆಗಾಬೈಟ್ ಇದೆ. ಇದರ ವಿಲೋಮ ಅಷ್ಟು ದೃಢವಲ್ಲ: 20ರ ಅಂಕಿ ಬಂದಮಾತ್ರಕ್ಕೆ ಒಂದೇ ಚಾನೆಲ್ ಎಂದು ತೀರ್ಮಾನಿಸಲಾಗದು.

7. ಡಿಡಿಆರ್5 ಕುರಿತು

2020ರ ಜುಲೈನಲ್ಲಿ ಪ್ರಕಟವಾದ ಡಿಡಿಆರ್5 ಮಾನಕದಲ್ಲಿ ಪ್ರತಿ ಸ್ಟಿಕ್ಕೂ 32 ಬಿಟ್‌ಗಳ ಎರಡು ಉಪಚಾನೆಲ್‌ಗಳಾಗಿ ವಿಭಜಿತವಾಗಿದೆ. ಅದರಿಂದಾಗಿ ಒಂದೇ ಸ್ಟಿಕ್ ಇರುವ ಯಂತ್ರಕ್ಕೂ ಸಿಪಿಯು-ಜೆಡ್ `2 x 32-bit` ಎಂದು ತೋರಿಸುತ್ತದೆ. ಇದನ್ನು ಎರಡು ಚಾನೆಲ್ ಎಂದು ಓದಿಕೊಳ್ಳುವುದು ತಪ್ಪು. ಒಟ್ಟು ಅಗಲ ಇನ್ನೂ 64 ಬಿಟ್ ಮಾತ್ರ. ಹಳೆಯ ಅರ್ಥದ ಎರಡು ಚಾನೆಲ್‌ಗಳಿಗೆ ಅಲ್ಲಿ `4 x 32-bit` ಎಂದಿರಬೇಕು.