ತುಂಡಾದ ಫೈಲೋ, ಎರಡಾದ ಅರ್ಜಿಯೋ? ನಿಧಾನ ನೆಟ್‌ವರ್ಕ್‌ನಲ್ಲಿ ಅಪ್‌ಲೋಡ್ ಪರೀಕ್ಷೆಯ ಒಂದು ಪ್ರಶ್ನೆ

ವೆಬ್ ಪುಟದಿಂದ ಫೈಲ್ ಕಳಿಸುವ ಕ್ರಮವನ್ನು ಮೊದಲು ಬರೆದಿಟ್ಟದ್ದು 1995ರ ಆರ್‌ಎಫ್‌ಸಿ 1867. ಝೆರಾಕ್ಸ್ ಕಂಪನಿಯ ನೆಬೆಲ್ ಮತ್ತು ಮಸಿಂಟರ್ ಅದರ ಕರ್ತೃಗಳು. ಅಪ್‌ಲೋಡ್ ಪರೀಕ್ಷೆಯ ಪಟ್ಟಿಗಳಲ್ಲಿ ಇವತ್ತು ನಾಲ್ಕು ಬಾಬುಗಳು ಖಾಯಂ: ಗಾತ್ರದ ಮಿತಿ, ತಪ್ಪು ಎಕ್ಸ್‌ಟೆನ್ಷನ್, ಕೆಟ್ಟ ಫೈಲ್, ನಿಧಾನ ನೆಟ್‌ವರ್ಕ್. ಮೊದಲ ಎರಡರಲ್ಲಿ ತಕರಾರಿಲ್ಲ. ಮಿತಿಗೆ ಸರಿಸಮ ಇರುವ, ಒಂದು ಬೈಟ್ ಕಡಿಮೆಯ, ಒಂದು ಬೈಟ್ ಹೆಚ್ಚಿನ ಫೈಲುಗಳನ್ನು ಕಳಿಸಿ ನೋಡಬೇಕು. ದೊಡ್ಡಕ್ಷರದ `.JPG` ತಿರಸ್ಕೃತವಾಗುತ್ತದೆಯೇ ಎಂದೂ ನೋಡಬೇಕು. ಒಂದು ಮಾತು ಮಾತ್ರ ಸೇರಿಸುತ್ತೇನೆ. ಪಿಎಚ್‌ಪಿಯಲ್ಲಿ ಅರ್ಜಿಯ ಒಟ್ಟು ಗಾತ್ರ `post_max_size` ಮೀರಿದರೆ ಫೈಲ್ ಜೊತೆಗೆ ತುಂಬಿದ ಹೆಸರು, ವಿಳಾಸಗಳೂ ಖಾಲಿಯಾಗಿ ಬರುತ್ತವೆ. ಆಗ ಪುಟ ‘ಹೆಸರು ಬರೆಯಿರಿ’ ಎನ್ನುತ್ತದೆ. ತಪ್ಪು ಫೋಟೊದ್ದು, ಬೈಸಿಕೊಳ್ಳುವುದು ಹೆಸರಿನ ಕಾಲಂ.

ನನ್ನ ತಕರಾರಿರುವುದು ಕೊನೆಯ ಎರಡು ಬಾಬುಗಳನ್ನು ಗಂಟು ಹಾಕುವ ರೂಢಿಯ ಬಗ್ಗೆ. ನೆಟ್‌ವರ್ಕ್ ನಿಧಾನವಾದರೆ ಫೈಲ್ ಅರ್ಧಕ್ಕೆ ತುಂಡಾಗಿ ಸರ್ವರಿನಲ್ಲಿ ಉಳಿಯುತ್ತದೆ ಎಂದು ಭಾವಿಸಿಯೇ ಪರೀಕ್ಷೆಗಳನ್ನು ಹೆಣೆಯುತ್ತಾರೆ.

ಒಂದು ಸಂದರ್ಭ ಕಲ್ಪಿಸಿಕೊಳ್ಳೋಣ. ನವಲಗುಂದದ ಎರಿ ಹೊಲದಲ್ಲಿ ಕೊಯ್ದು ಒಣಹಾಕಿದ ಹೆಸರು ಮಳೆಗೆ ನೆನೆದಿದೆ. ಫಸಲ್ ಬಿಮಾ ಯೋಜನೆಯ ಪ್ರಕಾರ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ರೈತ ಉತಾರ ಹಿಡಿದು ಕಂಪ್ಯೂಟರ್ ಸೆಂಟರಿಗೆ ಬಂದಿದ್ದಾನೆ. ಹೊಲದ ಫೋಟೊ 3,000 ಕಿಲೋಬೈಟ್. ಸಿಗ್ನಲ್ ಒಂದೇ ಕಡ್ಡಿ, ಮೇಲೆ ಹೋಗುವ ವೇಗ ಸೆಕೆಂಡಿಗೆ 16 ಕಿಲೋಬೈಟ್ ಎಂದಿಟ್ಟುಕೊಳ್ಳೋಣ. ಫೋಟೊ ಹೋಗಲು ಮೂರು ನಿಮಿಷಕ್ಕೂ ಮಿಕ್ಕಿ ಬೇಕು. ಅಷ್ಟರಲ್ಲಿ ಸಂಪರ್ಕ ಕಡಿಯಿತು.

ಕಡಿದದ್ದು ಕೊನೆಯ ಬೈಟ್ ತಲುಪುವ ಮೊದಲೋ, ಆಮೇಲೋ? ಇಡೀ ವಾದ ನಿಂತಿರುವುದು ಇದರ ಮೇಲೆ. ಮೊದಲೇ ಕಡಿದಿದ್ದರೆ ನಿಯಮ ಸ್ಪಷ್ಟ: ಹೇಳಿದಷ್ಟು ಬೈಟುಗಳು ಬರದಿದ್ದರೆ ಸಂದೇಶ ಅಪೂರ್ಣವೆಂದು ಎಣಿಸಿ ಸರ್ವರ್ ಸಂಪರ್ಕ ಮುಚ್ಚಬೇಕು ಎನ್ನುತ್ತದೆ 2022ರ ಆರ್‌ಎಫ್‌ಸಿ 9112. ಅಂದರೆ ಅರ್ಧ ಫೋಟೊ ಅರ್ಜಿಯಾಗಿ ದಾಖಲಾಗಬಾರದು. ಆಮೇಲೆ ಕಡಿದಿದ್ದರೆ ಫೋಟೊ ಪೂರ್ತಿ ತಲುಪಿದೆ, ಅರ್ಜಿ ದಾಖಲಾಗಿದೆ. ಕಳೆದುಹೋದದ್ದು ‘ಸ್ವೀಕರಿಸಲಾಗಿದೆ’ ಎಂಬ ಉತ್ತರ ಮಾತ್ರ. ಸೆಂಟರಿನವನ ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅವನು ಮತ್ತೆ ಒತ್ತುತ್ತಾನೆ. ಒಂದೇ ಹೊಲಕ್ಕೆ ಎರಡು ಅರ್ಜಿ.

ಹಾಗಾಗಿ ನಿಧಾನ ನೆಟ್‌ವರ್ಕಿನ ಸಹಜ ಫಲ ತುಂಡಾದ ಫೈಲಲ್ಲ, ಎರಡಾದ ಅರ್ಜಿ ಎಂಬುದು ನನ್ನ ಪ್ರತಿಪಾದನೆ. ಇದು ಒಂದೇ ಕೋರಿಕೆಯಲ್ಲಿ ಇಡೀ ಫೈಲ್ ಕಳಿಸುವ ಪುಟಗಳಿಗಷ್ಟೇ ಅನ್ವಯ. ನಿಯಮ ಪಾಲಿಸದೆ, ಬಂದಷ್ಟನ್ನು ಹಾಗೇ ಬರೆದಿಡುವ ಸರ್ವರುಗಳನ್ನೂ ನಾನು ಅಲ್ಲಗಳೆಯುವುದಿಲ್ಲ.

ಪರೀಕ್ಷಿಸುವುದು ಕಷ್ಟವಲ್ಲ. ಕಳಿಸುವ ಲಿನಕ್ಸ್ ಯಂತ್ರದಲ್ಲೇ ವೇಗ ಇಳಿಸಬೇಕು. ಈ ಆಜ್ಞೆ ಹೊರಹೋಗುವ ದಟ್ಟಣೆಯನ್ನಷ್ಟೇ ತಡೆಯುವುದರಿಂದ ಸರ್ವರಿನಲ್ಲಿ ಕೊಟ್ಟರೆ ಅಪ್‌ಲೋಡ್ ನಿಧಾನವಾಗದು.

```
sudo tc qdisc add dev wlan0 root netem rate 128kbit delay 400ms
```

ಪರೀಕ್ಷಾ ಸರ್ವರಿನಲ್ಲಿ ಅರ್ಜಿ ದಾಖಲಾದ ಮೇಲೆ, ಉತ್ತರ ಕೊಡುವ ಮುನ್ನ, 20 ಸೆಕೆಂಡ್ ವಿರಾಮ ಇಡಿ. ಒಮ್ಮೆ ನಡುದಾರಿಯಲ್ಲಿ, ಇನ್ನೊಮ್ಮೆ ಆ ವಿರಾಮದಲ್ಲಿ ವೈಫೈ ಆರಿಸಿ, ಮತ್ತೆ ಕಳಿಸಿ, ದಾಖಲೆಗಳನ್ನು ಎಣಿಸಿ. ಪುಟದ ಪಟ್ಟಿ ನೂರಕ್ಕೆ ಮುಟ್ಟಿದ್ದನ್ನು ನಂಬಬೇಡಿ. ಬೈಟುಗಳು ಯಂತ್ರದ ಬಫರಿಗೆ ಇಳಿದಾಗಲೂ ಅದು ನೂರು ತೋರಿಸಬಹುದು. ಸರ್ವರಿನ ಲಾಗ್ ನೋಡಿ. ಎರಡನೆಯ ಸಲ ಎರಡು ದಾಖಲೆ ಸಿಕ್ಕರೆ, ಅರ್ಜಿ ತೆರೆದಾಗಲೇ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮರಳಿ ಬಂದಾಗ ಹಳೆಯ ಉತ್ತರವನ್ನೇ ಕಳಿಸುವಂತೆ ಮಾಡಬೇಕು.

ಹಾಗಾದರೆ ಅಡಿಭಾಗ ಬೂದಿಬಣ್ಣಕ್ಕೆ ತಿರುಗಿದ ಉತಾರಗಳು ಎಲ್ಲಿಂದ ಬರುತ್ತವೆ? ಹೆಚ್ಚಾಗಿ ಅಪ್‌ಲೋಡಿಗೆ ಮೊದಲೇ: ಕಾಪಿ ಮುಗಿಯುವ ಮುಂಚೆ ಕಿತ್ತ ಪೆನ್‌ಡ್ರೈವಿನಿಂದ, ಅರ್ಧಕ್ಕೆ ನಿಂತ ಡೌನ್‌ಲೋಡಿನಿಂದ. ಅಂಥದ್ದನ್ನು ನಾವೇ ತಯಾರಿಸಬಹುದು.

```
head -c 200000 utara.jpg > ardha.jpg
```

ಎಕ್ಸ್‌ಟೆನ್ಷನ್ ಸರಿ, ಗಾತ್ರ ಮಿತಿಯೊಳಗೆ, ಮೊದಲ ಬೈಟುಗಳು `FF D8 FF`. ಪೈಥಾನಿನ ಪಿಲ್ಲೋದಲ್ಲಿ `verify()` ಕೂಡ ಇದನ್ನು ಪಾಸು ಮಾಡುತ್ತದೆ, ಏಕೆಂದರೆ ಜೆಪೆಗ್‌ನ ಚಿತ್ರಭಾಗವನ್ನು ಅದು ಬಿಚ್ಚುವುದಿಲ್ಲ. `load()` ಬಿಚ್ಚುತ್ತದೆ, ಫೈಲ್ ತುಂಡಾಗಿದೆ ಎಂದು ನಿಲ್ಲುತ್ತದೆ. ಈ ಪರೀಕ್ಷೆಗೆ ನಿಧಾನ ನೆಟ್‌ವರ್ಕ್ ಬೇಕಾಗಿಲ್ಲ.

ಫೈಲನ್ನು ಹೋಳುಹೋಳಾಗಿ ಕಳಿಸಿ ಸರ್ವರಿನಲ್ಲಿ ಜೋಡಿಸುವ ಪುಟಗಳಲ್ಲಿ ಮಾತ್ರ ಎರಡು ದೋಷಗಳೂ ಕೂಡಬಹುದು: ನಡುವಿನ ಹೋಳು ತಪ್ಪಿದರೆ ತುಂಡು ಫೈಲ್, ಹೋಳು ಮರಳಿ ಬಂದರೆ ಅದೇ ಭಾಗ ಎರಡು ಸಲ. ಅಲ್ಲಿ ನನ್ನ ವಾದ ನಿಲ್ಲುತ್ತದೆಯೇ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕಾಗಿದೆ.