ಡೆಟ್ರಾಯಿಟ್‌ನ ಏಳು ಡಾಲರ್, ಬರ್ಲಿನ್‌ನ ಅರವತ್ತು ಸಾವಿರ

ಚಿಕ್ಕಮ್ಮನ ಮಗಳಿಗೆ ಬರ್ಲಿನ್‌ನಿಂದ ಆಫರ್ ಬಂತು. ವರ್ಷಕ್ಕೆ 60,000 ಯೂರೋ. ಹಾಸನದಲ್ಲಿ ಕೂತ ಚಿಕ್ಕಪ್ಪ ಅದನ್ನು ನೂರರಿಂದ ಗುಣಿಸಿ "ಅರವತ್ತು ಲಕ್ಷ!" ಅಂತ ನೆಂಟರಿಗೆಲ್ಲ ಫೋನ್ ಮಾಡಿ ಆಗಿತ್ತು. ಬೆಂಗಳೂರಲ್ಲಿ ಅವಳಿಗೆ 24 ಲಕ್ಷ ಸಂಬಳ. ಅವಳ ಆಫೀಸಿನವನೊಬ್ಬ "ಪರ್ಚೇಸಿಂಗ್ ಪವರ್ ಲೆಕ್ಕದಲ್ಲಿ ಅದು ಬರೀ 17 ಲಕ್ಷ, ಹೋಗ್ಬೇಡ" ಅಂದನಂತೆ. "ಅಣ್ಣ, ಅರವತ್ತೋ ಹದಿನೇಳೋ, ಯಾವುದು ನಿಜ?" ಅಂತ ಕೇಳಿದಳು. ನನಗೆ ತಕ್ಷಣ ನೆನಪಾಗಿದ್ದು ಹೆನ್ರಿ ಫೋರ್ಡ್. ಇದೇ ಪ್ರಶ್ನೆಯನ್ನು ಅವರ ಕಂಪನಿ ಸುಮಾರು ನೂರು ವರ್ಷದ ಹಿಂದೆ ಕೇಳಿತ್ತು. ಆಗಲೂ ಒಂದು ತುದಿ ಬರ್ಲಿನ್ನೇ.

1920ರ ದಶಕದ ಕೊನೆಯಲ್ಲಿ ಫೋರ್ಡ್ ಕಂಪನಿ ಯುರೋಪಿನ ಹಲವು ಊರುಗಳಲ್ಲಿ ಕಾರು ತಯಾರಿ, ಜೋಡಣೆ ನಡೆಸುತ್ತಿತ್ತು. ಡೆಟ್ರಾಯಿಟ್‌ನ ಕಾರ್ಖಾನೆಯಲ್ಲಿ ದಿನಗೂಲಿ ಹತ್ತಿರಹತ್ತಿರ ಏಳು ಡಾಲರ್. ಯುರೋಪಿನ ಕಾರ್ಮಿಕನೂ ಅದೇ ಮಟ್ಟದಲ್ಲಿ ಬದುಕಬೇಕಾದರೆ ಅವನಿಗೆ ಎಷ್ಟು ಕೊಡಬೇಕು? 1929ರಲ್ಲಿ ಕಂಪನಿಯ ಬ್ರಿಟನ್ ಮುಖ್ಯಸ್ಥ ಪರ್ಸಿವಲ್ ಪೆರಿ ಈ ಪ್ರಶ್ನೆಯನ್ನು ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮುಂದಿಟ್ಟರು. ಖರ್ಚಿಗೆ ಬಾಸ್ಟನ್‌ನ ದೊಡ್ಡ ವ್ಯಾಪಾರಿ ಎಡ್ವರ್ಡ್ ಫೈಲೀನ್ ಅವರ ನಿಧಿ 25,000 ಡಾಲರ್ ಕೊಟ್ಟಿತು.

ಸುಲಭದ ಉತ್ತರ ಎಲ್ಲರಿಗೂ ಗೊತ್ತಿತ್ತು. ಆಗ ಒಂದು ಡಾಲರ್‌ಗೆ 4.2 ಮಾರ್ಕ್. ಏಳು ಡಾಲರ್ ಅಂದರೆ ಬರ್ಲಿನ್‌ನಲ್ಲಿ 29 ಮಾರ್ಕ್ ಚಿಲ್ಲರೆ. ಇದು ನಮ್ಮ ಚಿಕ್ಕಪ್ಪನ ಲೆಕ್ಕ. ಆದರೆ ವಿನಿಮಯ ದರ ಹೇಳುವುದು ನೋಟಿಗೆ ನೋಟಿನ ಬೆಲೆಯನ್ನೇ ಹೊರತು, ಆ ನೋಟಿಗೆ ಎಷ್ಟು ಬ್ರೆಡ್ಡು ಸಿಗುತ್ತದೆ ಅನ್ನುವುದನ್ನಲ್ಲ. 'ಪರ್ಚೇಸಿಂಗ್ ಪವರ್ ಪ್ಯಾರಿಟಿ' ಅನ್ನುವ ಹೆಸರನ್ನು ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುಸ್ತಾವ್ ಕಾಸೆಲ್ 1918ರಲ್ಲೇ ಕೊಟ್ಟಿದ್ದರು. ಅವರಿಗೆ ಬೇಕಿದ್ದದ್ದು ಯುದ್ಧದ ನಂತರ ದೇಶದೇಶಗಳ ನಾಣ್ಯದ ದರ ಎಲ್ಲಿ ನಿಲ್ಲಬೇಕು ಅನ್ನುವುದು. ಒಂದು ಸಂಸಾರ ಹೇಗೆ ನಡೆಯುತ್ತದೆ ಅನ್ನುವ ಪ್ರಶ್ನೆಗೆ ಅದು ಸಾಲುತ್ತಿರಲಿಲ್ಲ.

ಹಾಗಾಗಿ ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯವರು ಡೆಟ್ರಾಯಿಟ್‌ನಲ್ಲಿ ಫೋರ್ಡ್ ಕಾರ್ಮಿಕರ ನೂರು ಮನೆ ಹೊಕ್ಕರು. ಮನೆಗಳ ಆಯ್ಕೆಗೂ ಷರತ್ತು ಇತ್ತು: ಗಂಡ, ಹೆಂಡತಿ, ಎರಡು-ಮೂರು ಮಕ್ಕಳು, ದುಡಿಯುವವನು ಗಂಡ ಒಬ್ಬನೇ, ಇರುವುದು ಬಾಡಿಗೆ ಮನೆಯಲ್ಲಿ. ವರ್ಷದ ಸರಾಸರಿ ವರಮಾನ ಸುಮಾರು 1,712 ಡಾಲರ್, ಖರ್ಚು ಅದಕ್ಕಿಂತ ಒಂದಿಷ್ಟು ಜಾಸ್ತಿ, ಸುಮಾರು 1,720. ಮೂರರಲ್ಲಿ ಒಂದು ಪಾಲು ಊಟಕ್ಕೆ, ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ ಮನೆಗೆ. ನೂರರಲ್ಲಿ 47 ಮನೆಗಳಲ್ಲಿ ಕಾರು! ಈ ಪಟ್ಟಿ, ಜೊತೆಗೆ ಡೆಟ್ರಾಯಿಟ್‌ನಲ್ಲಿ ಕೊಂಡ ಬಟ್ಟೆಬರೆಗಳ ಮಾದರಿಗಳು ಯುರೋಪಿಗೆ ಹೋದವು. ಬರ್ಲಿನ್, ಪ್ಯಾರಿಸ್, ಕೋಪನ್‌ಹೇಗನ್, ಮ್ಯಾಂಚೆಸ್ಟರ್, ಬಾರ್ಸಿಲೋನಾ ಮುಂತಾದ ಕಡೆ "ಇಂಥದ್ದೇ ಇಲ್ಲಿ ಎಷ್ಟಕ್ಕೆ ಸಿಗುತ್ತೆ?" ಅಂತ ವಿಚಾರಿಸುವ ಕೆಲಸ ಶುರುವಾಯಿತು.

ತೊಡಕು ಎದ್ದದ್ದು ಅಲ್ಲೇ. ಡೆಟ್ರಾಯಿಟ್‌ನವನು ತಿನ್ನುವುದನ್ನು ಬರ್ಲಿನ್‌ನವನು ತಿನ್ನುವುದಿಲ್ಲ. ಅಮೆರಿಕದ ಬಾಡಿಗೆ ಮನೆಯಂಥದ್ದು ಯುರೋಪಿನ ಕಾರ್ಮಿಕರ ಕೇರಿಯಲ್ಲಿ ಇರಲೇ ಇಲ್ಲ. ಜರ್ಮನಿಯಲ್ಲಿ 1927ರಿಂದ ನಿರುದ್ಯೋಗ ವಿಮೆ ಇತ್ತು, ಡೆಟ್ರಾಯಿಟ್‌ನವನಿಗೆ ಇರಲಿಲ್ಲ. ಹಾಗಾದರೆ ಜರ್ಮನ್ ಸಂಬಳದಲ್ಲಿ ವಿಮೆಗೆ ಮುರಿದದ್ದು ನಷ್ಟವೋ ಕೊಂಡ ವಸ್ತುವೋ? ಇಷ್ಟೆಲ್ಲ ಇದ್ದದ್ದರಿಂದ 1932ರ ಆರಂಭದಲ್ಲಿ ಹೊರಬಂದ ವರದಿ ಒಂದೊಂದು ಊರಿಗೂ ಒಂದೇ ಅಂಕಿ ಕೊಡದೆ, ಇಷ್ಟರಿಂದ ಇಷ್ಟರವರೆಗೆ ಅಂತ ಹೇಳಿತು. ನನಗೆ ಆ ವರದಿಯ ಬಗ್ಗೆ ಗೌರವ ಇರುವುದು ಈ ಕಾರಣಕ್ಕೆ. ಪಾಪ, ಅಷ್ಟರಲ್ಲಿ ಕಾಲವೇ ಕೈಕೊಟ್ಟಿತ್ತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಮಾನಕ ಬಿಟ್ಟು ಪೌಂಡು ಕುಸಿಯಿತು, ಡೆಟ್ರಾಯಿಟ್‌ನ ಏಳು ಡಾಲರ್ ಕೂಡ ಆ ವರ್ಷದ ಕೊನೆಗೆ ಆರಕ್ಕೆ ಇಳಿದಿತ್ತು.

ಈಗ ಆಫೀಸಿನವನ 17 ಲಕ್ಷಕ್ಕೆ ಬರೋಣ. ಅದು ಎಲ್ಲಿಂದ ಬಂತು? 1968ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇರ್ವಿಂಗ್ ಕ್ರಾವಿಸ್ ಮತ್ತು ಸಂಗಡಿಗರು ವಿಶ್ವಸಂಸ್ಥೆಯ ಜೊತೆ ಸೇರಿ ದೇಶದೇಶಗಳ ಬೆಲೆ ಹೋಲಿಸುವ ದೊಡ್ಡ ಯೋಜನೆ ಶುರು ಮಾಡಿದರು. 1975ರ ಮೊದಲ ವರದಿಯ ಹತ್ತು ದೇಶಗಳಲ್ಲಿ ಭಾರತವೂ ಒಂದು, ಪಶ್ಚಿಮ ಜರ್ಮನಿಯೂ ಒಂದು. ಅದರ ಇಂದಿನ ರೂಪವೇ ವಿಶ್ವಬ್ಯಾಂಕ್ ಪ್ರಕಟಿಸುವ ಪಿಪಿಪಿ ಅಂಕಿ. ಅದರ ಪ್ರಕಾರ ಜರ್ಮನಿಯಲ್ಲಿ ಒಂದು ಯೂರೋ ಮಾಡುವ ಕೆಲಸವನ್ನು ಭಾರತದಲ್ಲಿ ಸುಮಾರು 28 ರೂಪಾಯಿ ಮಾಡುತ್ತದೆ. 60,000 ಗುಣಿಸು 28, ಹತ್ತಿರಹತ್ತಿರ 17 ಲಕ್ಷ.

ಗುಣಾಕಾರ ಸರಿ, ಉಪಯೋಗಿಸಿದ ಜಾಗ ತಪ್ಪು. ಈ 28 ಇಡೀ ದೇಶದ ಸರಾಸರಿ. ಅದರಲ್ಲಿ ಹಳ್ಳಿಯ ಬಾಡಿಗೆ, ಹಳ್ಳಿಯ ಕೂಲಿ, ಸರ್ಕಾರಿ ಶಾಲೆಯ ಖರ್ಚು ಎಲ್ಲ ಬೆರೆತಿದೆ. ಇಂದಿರಾನಗರದ ಬಾಡಿಗೆ ಆ ಸರಾಸರಿಯ ಹತ್ತಿರವೂ ಸುಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಪಿಪಿಪಿ ಅನ್ವಯವಾಗುವುದು ಅಲ್ಲೇ ಖರ್ಚಾಗುವ ದುಡ್ಡಿಗೆ. ಅಮ್ಮನಿಗೆ ಕಳಿಸುವ ನೂರು ಯೂರೋ ಹಾಸನದಲ್ಲಿ 2,800 ಆಗಿ ಇಳಿಯುವುದಿಲ್ಲ, ಬ್ಯಾಂಕಿನ ದರದಲ್ಲೇ ಇಳಿಯುತ್ತದೆ. ಅಂದರೆ ಸಂಬಳದೊಳಗೆ ಎರಡು ಬಗೆಯ ದುಡ್ಡಿದೆ. ಅಲ್ಲೇ ಉಣ್ಣುವುದನ್ನು ಅಲ್ಲಿನ ಬೆಲೆಯಲ್ಲಿ ತೂಗಬೇಕು, ಊರಿಗೆ ಬರುವುದನ್ನು ವಿನಿಮಯ ದರದಲ್ಲಿ. ಡೆಟ್ರಾಯಿಟ್‌ನ ಸರ್ವೆ ಹುಡುಕಿದ್ದು ತನ್ನಷ್ಟಕ್ಕೆ ತಾನಿರುವ ಸಂಸಾರವನ್ನು, ಆದ್ದರಿಂದ ಆ ಲೆಕ್ಕದ ನಡುವೆ ಊರಿನ ಅಪ್ಪ-ಅಮ್ಮ ಇರಲಿಲ್ಲ. ನಮ್ಮವರ ಲೆಕ್ಕ ಅವರಿಲ್ಲದೆ ಶುರುವಾಗುವುದೇ ಇಲ್ಲ.

ಹಾಗಾಗಿ ಅವತ್ತು ಅಡುಗೆಮನೆ ಮೇಜಿನ ಮೇಲೆ ಫೋರ್ಡ್ ಪ್ರಶ್ನೆಯನ್ನೇ ಕೇಳಿಕೊಂಡೆವು. ಅವಳು ಇಲ್ಲಿ ಹೇಗಿದ್ದಾಳೋ ಹಾಗೇ ಅಲ್ಲಿರಲು ಎಷ್ಟು ಬೇಕು?

ಇಲ್ಲಿ 24 ಲಕ್ಷಕ್ಕೆ ಹೊಸ ಪದ್ಧತಿಯ ತೆರಿಗೆ, ಪಿಎಫ್, ವೃತ್ತಿ ತೆರಿಗೆ ಕಳೆದು ತಿಂಗಳಿಗೆ ಸುಮಾರು 1,73,000 ಕೈಗೆ ಬರುತ್ತದೆ. ಬಾಡಿಗೆ 35,000, ಮನೆಖರ್ಚು-ತಿರುಗಾಟ 45,000, ಹಾಸನಕ್ಕೆ 25,000. ಉಳಿಯುವುದು 68,000.

ಬರ್ಲಿನ್‌ನಲ್ಲಿ ಮದುವೆಯಾಗದವರಿಗೆ 60,000ಕ್ಕೆ ತೆರಿಗೆ, ಪಿಂಚಣಿ, ಆರೋಗ್ಯ, ನಿರುದ್ಯೋಗ ವಿಮೆ ಎಲ್ಲ ಮುರಿದು ತಿಂಗಳಿಗೆ ಸುಮಾರು 3,100 ಯೂರೋ. ಬಾಡಿಗೆ ನೋಡುವಾಗ ಒಂದು ಎಚ್ಚರ ಬೇಕು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವುದು ಸಾಮಾನ್ಯವಾಗಿ 'ಕಾಲ್ಟ್‌ಮೀಟೆ', ಅಂದರೆ ತಣ್ಣನೆ ಬಾಡಿಗೆ. ಹೀಟಿಂಗು, ನೀರು, ಕಟ್ಟಡದ ನಿರ್ವಹಣೆ ಸೇರಿದ್ದು 'ವಾರ್ಮ್‌ಮೀಟೆ', ಬೆಚ್ಚನೆಯದು. ಲೆಕ್ಕಕ್ಕೆ ಬೆಚ್ಚನೆಯದನ್ನೇ ಹಿಡಿಯಬೇಕು, ಕರೆಂಟು ಅದರಲ್ಲೂ ಬರುವುದಿಲ್ಲ. ಜೊತೆಗೆ ಮೂರು ತಿಂಗಳ ತಣ್ಣನೆ ಬಾಡಿಗೆಯವರೆಗೆ ಅಡ್ವಾನ್ಸ್ ಕೇಳಬಹುದು. ನಮ್ಮ ಬೆಂಗಳೂರಿನ ಹತ್ತು ತಿಂಗಳಿಗೆ ಹೋಲಿಸಿದರೆ ಪರವಾಗಿಲ್ಲ ಬಿಡಿ. ಅವಳು ಬೆಚ್ಚನೆ ಬಾಡಿಗೆ 1,250 ಹಿಡಿದಳು. ಕರೆಂಟು, ಇಂಟರ್ನೆಟ್ಟು, ಪ್ರತಿ ಮನೆಯೂ ಕಟ್ಟಬೇಕಾದ ಪ್ರಸಾರ ಶುಲ್ಕ ಸೇರಿ 100. ಓಡಾಟದ ತಿಂಗಳ ಟಿಕೆಟ್ 60, ದಿನಸಿ-ಸಾಮಾನು 500, ಬಟ್ಟೆ-ಸಿನಿಮಾ-ಮೊಬೈಲು 250. ವರ್ಷಕ್ಕೊಮ್ಮೆ ಊರಿಗೆ ಬರುವ ವಿಮಾನಕ್ಕೆ ತಿಂಗಳಿಗೆ 75 ಎತ್ತಿಡಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಒಟ್ಟು 2,235. ಉಳಿದದ್ದು 865.

ಇದರಲ್ಲಿ ಹಾಸನಕ್ಕೆ 25,000 ಮುಟ್ಟಿಸಬೇಕು. ನೂರು ರೂಪಾಯಿ ದರದಲ್ಲಿ 250 ಯೂರೋ ಸಾಕು ಅನ್ನಿಸುತ್ತದೆ. ಆದರೆ ಕಳಿಸುವ ಖರ್ಚು ಎರಡು ಕಡೆ ಅಡಗಿರುತ್ತದೆ. ಒಂದು ಕಣ್ಣಿಗೆ ಕಾಣುವ ಶುಲ್ಕ, ಇನ್ನೊಂದು ಅವರು ಕೊಡುವ ದರ. "ಶುಲ್ಕ ಸೊನ್ನೆ" ಅನ್ನುವವರು ನೂರರ ಜಾಗದಲ್ಲಿ 98 ಕೊಟ್ಟರೆ ನೂರಕ್ಕೆ ಎರಡು ಹೋಯಿತು. ಪತ್ತೆ ಹಚ್ಚುವ ದಾರಿ ಒಂದೇ: ಅಮ್ಮನ ಖಾತೆಗೆ ಬಿದ್ದ ರೂಪಾಯಿಯನ್ನು, ನಮ್ಮ ಖಾತೆಯಿಂದ ಹೋದ ಒಟ್ಟು ಯೂರೋದಿಂದ ಭಾಗಿಸಿ ಅವತ್ತಿನ ಮಾರುಕಟ್ಟೆ ದರದ ಪಕ್ಕ ಇಡುವುದು. ಶುಲ್ಕ ಪ್ರತಿ ಸಲಕ್ಕೂ ಇಷ್ಟು ಅಂತ ಇದ್ದರೆ ತಿಂಗಳು ತಿಂಗಳು ಚಿಕ್ಕ ಮೊತ್ತ ಕಳಿಸುವವರಿಗೇ ಹೊಡೆತ. ನೂರಕ್ಕೆ ಎರಡರ ಲೆಕ್ಕದಲ್ಲಿ ಅವಳಿಗೆ 255 ಯೂರೋ ಬೇಕಾಯಿತು. ಕೊನೆಗೆ ಉಳಿದದ್ದು 610 ಯೂರೋ, ಅಂದರೆ 61,000 ರೂಪಾಯಿ. ಬೆಂಗಳೂರಿನ 68,000ಕ್ಕಿಂತ ಏಳು ಸಾವಿರ ಕಡಿಮೆ.

ಆ 70 ಯೂರೋ ತುಂಬಿಸಲು 70 ಕೇಳಿದರೆ ಸಾಲದು. ಸಂಬಳದ ಈ ಮಟ್ಟದಲ್ಲಿ ಹೆಚ್ಚಿಗೆ ಬರುವ ಪ್ರತಿ ಯೂರೋದಲ್ಲಿ ಕೈಗೆ ಸಿಗುವುದು ಸುಮಾರು ಅರ್ಧ. ಹಾಗಾಗಿ ತಿಂಗಳಿಗೆ 140, ವರ್ಷಕ್ಕೆ 1,680. ಫೋರ್ಡ್ ಪ್ರಶ್ನೆಗೆ ಅವಳ ಉತ್ತರ, 61,700 ಯೂರೋ.

"ಅಷ್ಟೇನಾ?" ಅಂದಳು. ನಾನು 1931ರ ಪೌಂಡಿನ ಕಥೆ ಹೇಳಿ ಅದೇ ಲೆಕ್ಕವನ್ನು 80ರ ದರದಲ್ಲಿ ಮಾಡಿಸಿದೆ. ಕಲ್ಪನೆಯ ದರ ಅಲ್ಲ, 2022ರಲ್ಲಿ ಯೂರೋ ಅಲ್ಲಿಯವರೆಗೂ ಇಳಿದಿತ್ತು. ಆಗ ಹಾಸನದ 25,000ಕ್ಕೇ 319 ಯೂರೋ ಬೇಕು, ಉಳಿದ 546 ರೂಪಾಯಿಯಲ್ಲಿ 43,700. ಇಲ್ಲಿನ ಮಟ್ಟ ಮುಟ್ಟಲು ಸಂಬಳ 67,000 ದಾಟಬೇಕು. ಬರ್ಲಿನ್‌ನ ಬದುಕಿನಲ್ಲಿ ಒಂದು ಪೈಸೆ ವ್ಯತ್ಯಾಸವಿಲ್ಲ, ಬದಲಾದದ್ದು ಊರಿಗೆ ಬರುವ ಪಾಲು ಮಾತ್ರ. ಪೂರ್ತಿ ಅಲ್ಲೇ ನೆಲೆಸುವವರಿಗೆ ಈ ದರದ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ. ಅಪ್ಪ-ಅಮ್ಮ ಇಲ್ಲಿದ್ದಾರೆ, ಐದು ವರ್ಷಕ್ಕೆ ವಾಪಸ್ ಬರ್ತೀನಿ ಅನ್ನುವವಳಿಗೆ ತಟ್ಟುತ್ತದೆ.

ಸಂಬಳದಿಂದ ಮುರಿದದ್ದೆಲ್ಲ ಹೋಯಿತು ಅಂತಲೂ ಅಲ್ಲ. ಪಿಂಚಣಿಗೆ 9.3, ಆರೋಗ್ಯಕ್ಕೆ ಎಂಟಕ್ಕೂ ಹೆಚ್ಚು, ನಿರುದ್ಯೋಗಕ್ಕೆ 1.3 ಪ್ರತಿಶತ ಹೋಗುತ್ತದೆ. ಇಲ್ಲಿ ಕೆಲಸ ಹೋದರೆ ಅವಳಿಗಿರುವ ಆಧಾರ ಉಳಿತಾಯದ ಖಾತೆ. ಅಲ್ಲಿ ಒಂದು ವರ್ಷ ದುಡಿದ ಮೇಲೆ ಕೆಲಸ ಹೋದರೆ ಕೆಲವು ತಿಂಗಳು ಭತ್ಯೆ ಬರುತ್ತದೆ. ಅದಕ್ಕೆಷ್ಟು ಬೆಲೆ ಕಟ್ಟುವುದು ಅಂತ ಜಿನೀವಾದವರಿಗೂ ತಲೆನೋವಾಗಿತ್ತು, ನಮಗೂ ಆಯಿತು. ಕೊನೆಗೆ ನಾವೂ ಅವರ ಹಾಗೆ ಒಂದು ವ್ಯಾಪ್ತಿಯನ್ನೇ ಬರೆದೆವು: 61,700ರಿಂದ 67,300.

ಅವಳು 67,000 ಕೇಳಿ ಮೇಲ್ ಹಾಕಿದಳು. ಒಂದು ವಾರ ಸುದ್ದಿಯಿಲ್ಲ. ಆಮೇಲೆ 64,000, ಜೊತೆಗೆ ಮೊದಲ ಎರಡು ತಿಂಗಳ ಫರ್ನಿಶ್ಡ್ ಮನೆಯ ಬಾಡಿಗೆ ಕಂಪನಿಯದು ಅಂತ ಉತ್ತರ ಬಂತು. ಒಪ್ಪಿಕೊಂಡಳು. ಚಿಕ್ಕಪ್ಪ ಈಗ "ಅರವತ್ನಾಲ್ಕು ಲಕ್ಷ" ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ.