'ಹೇಳಬೇಡಿ' ಅಂದವರು 'ಹೇಳಿ' ಅನ್ನೋವರೆಗೆ: ದಾನಿಯ ನೆರವಿನಿಂದ ಹುಟ್ಟಿದ ಮಕ್ಕಳ ನೂರು ವರ್ಷದ ಕಥೆ

ಇವತ್ತಿನ ಕಥೆ ಶುರುವಾಗೋದು ಅಮೆರಿಕದ ಫಿಲಡೆಲ್ಫಿಯಾದಲ್ಲಿ, 1884ರಲ್ಲಿ. ಶ್ರೀಮಂತ ವ್ಯಾಪಾರಿ ದಂಪತಿಗೆ ಮಕ್ಕಳಾಗಿರಲಿಲ್ಲ. ಜೆಫರ್ಸನ್ ಮೆಡಿಕಲ್ ಕಾಲೇಜಿನ ಪ್ರೊಫೆಸರ್ ವಿಲಿಯಂ ಪ್ಯಾಂಕೋಸ್ಟ್ ಹೆಂಡತಿಯನ್ನ ಪರೀಕ್ಷೆ ಮಾಡಿದರು, ಆಕೆಗೆ ಏನೂ ತೊಂದರೆ ಇರಲಿಲ್ಲ. ಗಂಡನನ್ನ ಪರೀಕ್ಷಿಸಿದಾಗ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲ ಅಂತ ಗೊತ್ತಾಯ್ತು. ಆಮೇಲೆ ನಡೆದದ್ದನ್ನ ಕೇಳಿದರೆ ಇವತ್ತಿಗೂ ಮೈ ಜುಮ್ ಅನ್ನುತ್ತೆ. ಇನ್ನೊಂದು ಪರೀಕ್ಷೆ ಇದೆ ಅಂತ ಆ ಹೆಂಗಸನ್ನ ಕರೆಸಿ, ಕ್ಲೋರೋಫಾರ್ಮ್ ಕೊಟ್ಟು ಪ್ರಜ್ಞೆ ತಪ್ಪಿಸಿ, ವಿದ್ಯಾರ್ಥಿಗಳ ಎದುರೇ, ಅವರಲ್ಲೊಬ್ಬನ ವೀರ್ಯವನ್ನ ಗರ್ಭಕೋಶಕ್ಕೆ ಹಾಕಿದರು. ಆಕೆಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಗರ್ಭ ನಿಂತ ಮೇಲೆ ಪ್ರೊಫೆಸರ್ ಗಂಡನಿಗೆ ವಿಷಯ ಬಿಚ್ಚಿಟ್ಟರು. ಅವನಿಗೆ ಬೇಜಾರಾಗಲಿಲ್ಲ, ಖುಷಿಯಾಯ್ತು. 'ಆದರೆ ನನ್ನ ಹೆಂಡತಿಗೆ ಮಾತ್ರ ಗೊತ್ತಾಗಬಾರದು' ಅಂದ.

25 ವರ್ಷ ಈ ವಿಷಯ ಹೊರಗೆ ಬರಲೇ ಇಲ್ಲ. ಅವತ್ತು ಆ ಕೋಣೆಯಲ್ಲಿದ್ದ ಅಡಿಸನ್ ಡೇವಿಸ್ ಹಾರ್ಡ್ ಅನ್ನೋರು 1909ರಲ್ಲಿ ಒಂದು ವೈದ್ಯಕೀಯ ಪತ್ರಿಕೆಗೆ ಬರೆದು ಬಯಲು ಮಾಡಿದರು. ಬರೆಯೋ ಮೊದಲು ಹುಟ್ಟಿದ ಮಗನನ್ನ ನ್ಯೂಯಾರ್ಕಿನಲ್ಲಿ ಹುಡುಕಿ ಕೈ ಕುಲುಕಿ ಬಂದಿದ್ದರು. ಆ ಮಗನಿಗೆ ಆಗ 25 ವರ್ಷ.

ಇದನ್ನ ಇಷ್ಟು ವಿವರವಾಗಿ ಹೇಳೋಕೆ ಕಾರಣ ಇದೆ. ದಾನಿ ವೀರ್ಯದ ಚಿಕಿತ್ಸೆ ಹುಟ್ಟಿದ್ದೇ ಸುಳ್ಳಿನ ಜೊತೆಗೆ. ಮುಂದಿನ ನೂರು ವರ್ಷ ಡಾಕ್ಟರುಗಳು ದಂಪತಿಗಳಿಗೆ ಕೊಟ್ಟ ಸಲಹೆ ಈ ಕೋಣೆಯಿಂದ ಬಹಳ ದೂರ ಬರಲಿಲ್ಲ. ಹೆಂಡತಿಗೆ ಗೊತ್ತಾಗಬಾರದು ಅನ್ನೋದು ಹೋಗಿ ಮಗುವಿಗೆ ಗೊತ್ತಾಗಬಾರದು ಅಂತಾಯ್ತು, ಅಷ್ಟೇ.

20ನೇ ಶತಮಾನದ ನಡುವಿನಲ್ಲಿ ಪದ್ಧತಿ ಹೀಗಿತ್ತು. ದಾನಿಯ ರಕ್ತದ ಗುಂಪು, ಕಣ್ಣಿನ ಬಣ್ಣ, ಮೈಕಟ್ಟು ಗಂಡನಿಗೆ ಹೊಂದುತ್ತಾ ನೋಡೋರು. ಕೆಲವು ಕಡೆ ಗಂಡನ ವೀರ್ಯವನ್ನೂ ದಾನಿಯದನ್ನೂ ಬೆರೆಸಿ ಹಾಕೋರು. ಮನೆಗೆ ಹೋಗಿ ಅದೇ ರಾತ್ರಿ ಕೂಡಿ ಅಂತಲೂ ಹೇಳಿ ಕಳಿಸೋರು, ಅಪ್ಪ ಯಾರು ಅನ್ನೋದು ಅಪ್ಪ-ಅಮ್ಮನಿಗೇ ಖಚಿತವಾಗಬಾರದು ಅಂತ. ಕೊನೆಗೆ 'ಇಲ್ಲಿಗೆ ಬಂದದ್ದನ್ನೇ ಮರೆತುಬಿಡಿ' ಅನ್ನೋ ಮಾತು. ಲಂಡನ್ನಿನಲ್ಲಿ ಮೇರಿ ಬಾರ್ಟನ್ ಅನ್ನೋ ಡಾಕ್ಟರ್ ಇಂಥದ್ದೊಂದು ಕ್ಲಿನಿಕ್ ನಡೆಸಿದ್ದರು. 1945ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಬಗ್ಗೆ ಬರೆದಾಗ ದೊಡ್ಡ ಗಲಾಟೆಯಾಯ್ತು. 1948ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ನೇಮಿಸಿದ ಸಮಿತಿ ಇದನ್ನ ಅಪರಾಧ ಅಂತಲೇ ಘೋಷಿಸಬೇಕು ಅಂತು. ಕ್ಲಿನಿಕ್ ಮುಚ್ಚಲಿಲ್ಲ, ಗುಟ್ಟು ಇನ್ನೂ ಬಿಗಿಯಾಯ್ತು, ದಾಖಲೆಗಳು ನಾಶವಾದವು. ಎಷ್ಟೋ ದಶಕಗಳ ನಂತರ, ಅಲ್ಲಿ ಹುಟ್ಟಿದವರು ವಯಸ್ಸಾದ ಮೇಲೆ ಡಿಎನ್ಎ ಪರೀಕ್ಷೆ ಮಾಡಿಸಿಕೊಂಡರು. ಅವರಲ್ಲಿ ಬಹಳ ಜನರಿಗೆ ದಾನಿ ಒಬ್ಬನೇ: ಡಾಕ್ಟರಮ್ಮನ ಗಂಡ ಬರ್ಟೋಲ್ಡ್ ವೀಸ್ನರ್. ಆತನಿಂದ ಹುಟ್ಟಿದವರು ನೂರಾರು ಮಂದಿ ಇರಬೇಕು ಅನ್ನೋದು ಈಗಿನ ಅಂದಾಜು. ಲಾಗ್ ಅಳಿಸಿದರೂ ಡೇಟಾ ಮಕ್ಕಳ ಒಳಗೇ ಉಳಿದಿತ್ತು ನೋಡಿ.

ಹಾಗಂತ ಅವತ್ತಿನ ಡಾಕ್ಟರುಗಳೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಅವರ ಹೆದರಿಕೆಗೆ ಅರ್ಥ ಇತ್ತು. ದಾನಿಯಿಂದ ಹುಟ್ಟಿದ ಮಗುವನ್ನ ಕಾನೂನು ಹಾದರದ ಮಗು ಅಂತ ನೋಡೋ ಕಾಲ ಅದು. ಮಗುವಿಗೆ ತೊಂದರೆಯಾಗದಿರಲಿ ಅಂತಲೇ ಬಾಯಿ ಮುಚ್ಚಿಸಿದ್ದು. ಮುಚ್ಚಿದ ಬಾಯಿ ಒಂದು ದಿನ ಜಗಳದ ನಡುವೆ, ಇಲ್ಲಾಂದ್ರೆ ಸಾವಿನ ಮನೆಯಲ್ಲಿ ತೆರೆದುಕೊಂಡರೆ ಏನಾಗುತ್ತೆ ಅಂತ ಯಾರೂ ಯೋಚಿಸಿರಲಿಲ್ಲ.

ನಮ್ಮ ಮಹಾಭಾರತದಲ್ಲಿ ಎರಡೂ ದಾರಿ ಇವೆ. ವಂಶ ನಿಲ್ಲಬಾರದು ಅಂತ ಸತ್ಯವತಿ ವ್ಯಾಸರನ್ನ ಕರೆಸಿದಳು. ಧೃತರಾಷ್ಟ್ರ, ಪಾಂಡು ಯಾರಿಂದ ಹುಟ್ಟಿದ್ದು ಅನ್ನೋದು ಮನೆಯೊಳಗೆ ಗುಟ್ಟೇನೂ ಆಗಿರಲಿಲ್ಲ. ಇನ್ನೊಂದು ಕಡೆ ಕರ್ಣ. ಅವನಿಗೆ ಹುಟ್ಟಿನ ಸತ್ಯ ಸಿಕ್ಕಿದ್ದು ಯುದ್ಧದ ಹೊಸ್ತಿಲಲ್ಲಿ, ಅದೂ ಹೇಳೋರಿಗೆ ಅವನಿಂದ ಏನೋ ಆಗಬೇಕಿದ್ದಾಗ.

ಕಾನೂನು ಮೊದಲು ಬದಲಾದದ್ದು ಸ್ವೀಡನ್ನಿನಲ್ಲಿ. ದಾನಿ ವೀರ್ಯಕ್ಕೆ ಒಪ್ಪಿದ್ದ ಒಬ್ಬ ಗಂಡ, ವಿಚ್ಛೇದನ ಆದ ಮೇಲೆ 'ಈ ಮಗು ನನ್ನದಲ್ಲ' ಅಂತ ಕೋರ್ಟಿಗೆ ಹೋಗಿ ಗೆದ್ದ. 1983ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು, ಮಗುವಿಗೆ ಕಾನೂನಿನ ಪ್ರಕಾರ ಅಪ್ಪನೇ ಇಲ್ಲದಂತಾಯ್ತು. ಹಾಗಾಗಿ 1985ರ ಮಾರ್ಚಿನಲ್ಲಿ ಜಾರಿಗೆ ಬಂದ ಹೊಸ ಕಾನೂನು ಎರಡು ಕೆಲಸ ಮಾಡಿತು. ಒಪ್ಪಿಗೆ ಕೊಟ್ಟ ಗಂಡನೇ ತಂದೆ ಅಂತ ಗಟ್ಟಿ ಮಾಡಿತು. ಮಗು ತಿಳುವಳಿಕೆಯ ವಯಸ್ಸಿಗೆ ಬಂದಾಗ ದಾನಿ ಯಾರು ಅಂತ ತಿಳಿಯೋ ಹಕ್ಕನ್ನ ಪ್ರಪಂಚದಲ್ಲೇ ಮೊದಲ ಬಾರಿಗೆ ಕೊಟ್ಟಿತು.

ಕಥೆ ಇಲ್ಲಿಗೆ ಮುಗೀಬೇಕಿತ್ತು, ಮುಗಿಯಲಿಲ್ಲ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ಕಾನೂನಿನ ಕೆಳಗೆ ಮಕ್ಕಳನ್ನ ಪಡೆದ ಸ್ವೀಡನ್ನಿನ ಅಪ್ಪ-ಅಮ್ಮಂದಿರನ್ನ ಕೇಳಿ ನೋಡಿತು. ಮಗುವಿಗೆ ಹೇಳಿದ್ದವರು ಹತ್ತರಲ್ಲಿ ಒಬ್ಬರಷ್ಟೇ. ಫೈಲಿನಲ್ಲಿ ದಾನಿಯ ಹೆಸರಿದೆ, ನೋಡೋ ಹಕ್ಕಿದೆ, ಆದರೆ ಅಂಥ ಫೈಲ್ ಇದೆ ಅನ್ನೋದೇ ಮಗುವಿಗೆ ಗೊತ್ತಿಲ್ಲ! ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಇದಕ್ಕೊಂದು ಉಪಾಯ ಮಾಡಿತು. 2010ರಿಂದ, 18 ದಾಟಿದವರು ಜನನ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗ, ದಾನಿಯಿಂದ ಹುಟ್ಟಿದವರಾದರೆ 'ನಿಮ್ಮ ಬಗ್ಗೆ ಇನ್ನೂ ಮಾಹಿತಿ ಇದೆ' ಅನ್ನೋ ಹಾಳೆಯೊಂದು ಜೊತೆಗೆ ಬರುತ್ತೆ. ಅಂದರೆ ಅಪ್ಪ-ಅಮ್ಮ ಹೇಳದಿದ್ದರೆ ಸರ್ಕಾರದ ಪೋಸ್ಟ್ ಹೇಳುತ್ತೆ. 2017ರಲ್ಲಿ ಅದೇ ರಾಜ್ಯ ಹಳೆಯ ದಾನಿಗಳ ಗುಟ್ಟನ್ನೂ ತೆರೆಯಿತು. ಅದಕ್ಕಾಗಿ ಹೋರಾಡಿದವರಲ್ಲಿ ನರೆಲ್ ಗ್ರೆಚ್ ಒಬ್ಬರು. ಕರುಳಿನ ಕ್ಯಾನ್ಸರ್ ಬಂದ ಮೇಲೂ ದಾನಿಯನ್ನ ಹುಡುಕುತ್ತಲೇ ಇದ್ದರು. 2013ರಲ್ಲಿ, ತೀರಿಕೊಳ್ಳೋಕೆ ಕೆಲವೇ ವಾರ ಮುಂಚೆ ಆತನನ್ನ ನೋಡಿದರು. ಆಕೆಗೆ 30 ವರ್ಷ.

ಸರಿ, ಹೇಳಿದ ಮನೆಗಳಲ್ಲಿ ಏನಾಯ್ತು? ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಸೂಸನ್ ಗೊಲಂಬಾಕ್ ಇದನ್ನ ದಶಕಗಟ್ಟಲೆ ಹಿಂಬಾಲಿಸಿದ್ದಾರೆ. ತೊಂಬತ್ತರ ದಶಕದಲ್ಲಿ ಅವರ ತಂಡ ಯುರೋಪಿನ ನಾಲ್ಕು ದೇಶಗಳಲ್ಲಿ ವಿಚಾರಿಸಿದಾಗ ದಾನಿ ವೀರ್ಯದಿಂದ ಮಗು ಪಡೆದ ಒಬ್ಬ ಅಪ್ಪ-ಅಮ್ಮನೂ ಮಗುವಿಗೆ ಹೇಳಿರಲಿಲ್ಲ. ಆಮೇಲೆ 2000ದ ಹೊತ್ತಿಗೆ ಹುಟ್ಟಿದ ಮಕ್ಕಳ ಗುಂಪೊಂದನ್ನ 20 ವರ್ಷ ತುಂಬೋವರೆಗೂ ನೋಡುತ್ತಾ ಬಂದರು. 2023ರಲ್ಲಿ ಬಂದ ಫಲಿತಾಂಶದ ಸಾರ ಇಷ್ಟು: ಒಟ್ಟಾರೆ ಈ ಮಕ್ಕಳು ಬೇರೆಯವರ ಹಾಗೆಯೇ ಚೆನ್ನಾಗಿದ್ದಾರೆ. 7 ವರ್ಷಕ್ಕೆ ಮೊದಲೇ ವಿಷಯ ಗೊತ್ತಾದವರಿಗೆ ಮನೆಯವರ ಜೊತೆ ಸಂಬಂಧ ಇನ್ನೂ ಚೆನ್ನಾಗಿದೆ. ಅಧ್ಯಯನ ಮಾಡಿದ ಕುಟುಂಬಗಳ ಸಂಖ್ಯೆ ದೊಡ್ಡದಲ್ಲ, ಅದೂ ಬ್ರಿಟನ್ನಿನದು, ಅದನ್ನ ಮನಸ್ಸಲ್ಲಿಟ್ಟುಕೊಳ್ಳಿ.

ಬೇಗ ಹೇಳಿದರೆ ಯಾಕೆ ಒಳ್ಳೇದು? ಚಿಕ್ಕ ಮಗುವಿಗೆ ಇದು ಸುದ್ದಿಯೇ ಅಲ್ಲ, ಒಂದು ಕಥೆ. 'ನನಗೆ ಗೊತ್ತಾದ ದಿನ' ಅಂತ ಒಂದು ದಿನವೇ ಅದರ ನೆನಪಿನಲ್ಲಿ ಇರೋದಿಲ್ಲ. 16ನೇ ವಯಸ್ಸಲ್ಲಿ ಗೊತ್ತಾದರೆ ದಾನಿಗಿಂತ 'ಇಷ್ಟು ವರ್ಷ ಸುಳ್ಳು ಹೇಳಿದ್ರಲ್ಲ' ಅನ್ನೋದೇ ಚುಚ್ಚುತ್ತೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪುಣೆಯಲ್ಲಿರೋ ನಮ್ಮಂಥ ಒಂದು ಜೋಡಿ, ದಾನಿ ಅಂಡಾಣುವಿನಿಂದ ಮಗಳು ಹುಟ್ಟಿದ್ದಾಳೆ. ಅವಳಿಗೆ ಮೂರು ವರ್ಷವಾದಾಗ ಮಲಗಿಸುವಾಗ ಅಮ್ಮ ಇಷ್ಟು ಹೇಳಿದರೆ ಸಾಕು: 'ಪುಟ್ಟಿ, ಮಗು ಆಗೋಕೆ ಅಪ್ಪನದೊಂದು ಚೂರು, ಅಮ್ಮನದೊಂದು ಚೂರು ಬೇಕು. ಅಮ್ಮನದು ಸರಿಯಾಗಿ ಕೆಲಸ ಮಾಡ್ಲಿಲ್ಲ. ಒಬ್ಬ ಆಂಟಿ ಅವರದನ್ನ ಕೊಟ್ರು. ಡಾಕ್ಟರ್ ಅದನ್ನ ಅಪ್ಪಂದರ ಜೊತೆ ಸೇರಿಸಿ ನನ್ನ ಹೊಟ್ಟೇಲಿಟ್ರು. ಅಲ್ಲಿ ನೀನು ಬೆಳೆದೆ.' ಆರೇಳು ವರ್ಷಕ್ಕೆ ಅವಳೇ ಕೇಳ್ತಾಳೆ, 'ಆ ಆಂಟಿ ಎಲ್ಲಿದ್ದಾರೆ?' ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಬೇಕು, ಕಥೆ ಕಟ್ಟಬಾರದು. ಹತ್ತು ಹನ್ನೆರಡಕ್ಕೆ ಶಾಲೆಯಲ್ಲಿ ಅನುವಂಶೀಯತೆಯ ಪಾಠ ಬರುತ್ತೆ, ಆಗ ಲೆಕ್ಕ ಹಾಕ್ತಾಳೆ: 'ಹಾಗಾದ್ರೆ ನಾನು ನಿನ್ನ ಥರ ಇಲ್ವಾ?' ಈ ಪ್ರಶ್ನೆ ಅಮ್ಮನಿಗೆ ನೋವು ಕೊಡುತ್ತೆ. ಆ ನೋವನ್ನ ಮಗಳು ಕಂಡರೆ ಮತ್ತೆ ಕೇಳೋದೇ ನಿಲ್ಲಿಸ್ತಾಳೆ. ಕುತೂಹಲ ಹೋಯ್ತು ಅಂತ ದೊಡ್ಡವರು ನೆಮ್ಮದಿಯಾಗೋದು ಇಲ್ಲೇ. ಮಗಳು ಅಮ್ಮನನ್ನ ಕಾಪಾಡ್ತಾ ಇರ್ತಾಳೆ, ಅಷ್ಟೇ.

ಅದಕ್ಕೇ ಕೌನ್ಸೆಲಿಂಗ್ ಚಿಕಿತ್ಸೆಗೆ ಮೊದಲೇ ಬೇಕಾಗೋದು. ಒಳ್ಳೆಯ ಕೌನ್ಸೆಲರ್ ಮೊದಲು ಮುಟ್ಟೋದು ದಾನಿಯನ್ನಲ್ಲ, ದುಃಖವನ್ನ: ನನ್ನ ರಕ್ತದ ಮಗು ಆಗಲ್ಲ ಅನ್ನೋದನ್ನ ಒಪ್ಪಿಕೊಂಡಿದ್ದೀರಾ ಅಂತ. ಅತ್ತು ಮುಗಿಸದವರಿಗೆ ಮುಂದೆ ಮಗುವಿಗೆ ಹೇಳೋಕೆ ಬಾಯಿ ಬರಲ್ಲ. ಆಮೇಲೆ ಗಂಡ-ಹೆಂಡತಿ ನಡುವಿನ ತಕ್ಕಡಿ. ಒಬ್ಬರಿಗೆ ರಕ್ತಸಂಬಂಧ ಇದೆ, ಇನ್ನೊಬ್ಬರಿಗಿಲ್ಲ. ಜಗಳ ಬಂದಾಗ ಅದು ಆಯುಧ ಆಗುತ್ತಾ? ಮೂರನೇದು ನಮ್ಮ ಕಡೆಯ ಕಷ್ಟ. ಬಾಣಂತನಕ್ಕೆ ಊರಿಂದ ಬಂದವರು ತೊಟ್ಟಿಲು ನೋಡಿ 'ಥೇಟ್ ಅಮ್ಮನ ಮೂಗು' ಅಂತಾರೆ. ತಂಗಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಮಗುವಿಗಿಂತ ಮೊದಲು ನೆಂಟರಿಗೆ ಹೇಳಿದರೆ ಅದು ಮಗುವಿಗೆ ಮೂರನೆಯವರ ಬಾಯಿಂದ ತಲುಪುತ್ತೆ. ತೀರಾ ಬೇಕಾದವರಿಗೆ ಬಿಟ್ಟು ಬೇರೆ ಯಾರಿಗೂ ಮೊದಲು ಹೇಳಬೇಡಿ, ಅದು ಮಗುವಿನ ವಿಷಯ. ಗುಟ್ಟು ಬೇರೆ, ಖಾಸಗಿ ವಿಷಯ ಬೇರೆ.

ಡಾಕ್ಟರ ಹತ್ತಿರ ಹೋದಾಗ 'ಮನೇಲಿ ಯಾರಿಗಾದ್ರೂ ಶುಗರ್, ಹಾರ್ಟ್ ತೊಂದರೆ ಇದೆಯಾ' ಅಂತ ಕೇಳ್ತಾರಲ್ಲ, ವಿಷಯ ಗೊತ್ತಿಲ್ಲದ ಮಗು ಜೀವನವಿಡೀ ಅಲ್ಲಿ ತಪ್ಪು ಉತ್ತರ ಕೊಡುತ್ತೆ.

ಇನ್ನು ನಮ್ಮ ದೇಶ. 2021ರ ಎಆರ್‌ಟಿ ಕಾಯ್ದೆ 2022ರ ಜನವರಿಯಲ್ಲಿ ಜಾರಿಗೆ ಬಂತು. ಅಂಡಾಣು ದಾನಿಗೆ 23ರಿಂದ 35 ವರ್ಷ, ಜೀವನದಲ್ಲಿ ಒಂದೇ ಸಲ, 7ಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಒಬ್ಬ ದಾನಿಯದನ್ನ ಒಂದಕ್ಕಿಂತ ಹೆಚ್ಚು ಜೋಡಿಗೆ ಕೊಡುವಂತಿಲ್ಲ, ವೀಸ್ನರ್ ಕಥೆ ಇಲ್ಲಿ ನಡೆಯಲ್ಲ. ಹುಟ್ಟಿದ ಮಗು ಚಿಕಿತ್ಸೆ ಪಡೆದ ದಂಪತಿಯದೇ, ದಾನಿಗೆ ಹಕ್ಕಿಲ್ಲ. ಸ್ವೀಡನ್ನಿನ ಗಂಡನ ಥರ ಕೈ ತೊಳೆದುಕೊಳ್ಳೋಕೂ ಆಗಲ್ಲ. ಕ್ಲಿನಿಕ್ ಕೌನ್ಸೆಲಿಂಗ್ ಕೊಡಬೇಕು, ಹುಟ್ಟೋ ಮಗುವಿನ ಹಕ್ಕುಗಳನ್ನ ತಿಳಿಸಬೇಕು ಅಂತಲೂ ಇದೆ. ಆದರೆ ದಾನಿ ಯಾರು ಅಂತ ತಿಳಿಯೋ ಹಕ್ಕನ್ನ ಈ ಕಾಯ್ದೆ ಮಗುವಿಗೆ ಕೊಟ್ಟಿಲ್ಲ. ಕ್ಲಿನಿಕ್ ದಾಖಲೆಯನ್ನ ಕನಿಷ್ಠ ಹತ್ತು ವರ್ಷ ಇಟ್ಟು, ಆಮೇಲೆ ರಾಷ್ಟ್ರೀಯ ನೋಂದಣಿಗೆ ಕಳಿಸಬೇಕು.

ಆದ್ದರಿಂದ ಹೆಸರು ಸಿಗದಿದ್ದರೂ ಸಿಗೋದನ್ನ ಚಿಕಿತ್ಸೆ ನಡೀತಿರುವಾಗಲೇ ಕೇಳಿ ತಗೊಳ್ಳಿ: ದಾನಿಯ ವಯಸ್ಸು, ರಕ್ತದ ಗುಂಪು, ಎತ್ತರ, ಮಾಡಿಸಿದ ಪರೀಕ್ಷೆಗಳು, ಮನೆತನದಲ್ಲಿರೋ ಕಾಯಿಲೆಗಳು. ಕ್ಲಿನಿಕ್ ಮತ್ತು ಬ್ಯಾಂಕಿನ ನೋಂದಣಿ ಸಂಖ್ಯೆ, ಸಹಿ ಮಾಡಿದ ಒಪ್ಪಿಗೆ ಪತ್ರದ ಪ್ರತಿ. ನಾವು ಮೂರು ವರ್ಷಕ್ಕೊಂದು ಊರು, ಎರಡು ವರ್ಷಕ್ಕೊಂದು ಬಾಡಿಗೆ ಮನೆ ಬದಲಾಯಿಸೋ ಜನ. ಕಂಪನಿ ಲ್ಯಾಪ್‌ಟಾಪಿನಲ್ಲಿ ಸ್ಕ್ಯಾನ್ ಇಟ್ಟರೆ ಕೆಲಸ ಬಿಟ್ಟ ದಿನವೇ ಹೋಯ್ತು. ಕಾಗದದ ಪ್ರತಿಯೊಂದನ್ನ ಮಗುವಿನ ಜನನ ಪ್ರಮಾಣಪತ್ರದ ಫೈಲಿನಲ್ಲೇ ಇಡಿ.